ಟ್ರೆಡ್‌ಮಿಲ್ ಮೇಲೆ 218, ಭಾರ ಎತ್ತುವಾಗ ಎಷ್ಟು? ವ್ಯಾಯಾಮದ ಬಿಪಿ ಓದುವ ಬಗೆ

ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ ಪರೀಕ್ಷೆ ಮಾಡಿಸಿಕೊಂಡು ಬಂದವರು ರಿಪೋರ್ಟಿನಲ್ಲಿ ಮೊದಲು ಹುಡುಕುವುದು ಕೊನೆಯ ಸಾಲನ್ನು. ಅಲ್ಲಿ ‘ನೆಗೆಟಿವ್’ ಅಂತಿದ್ದರೆ ಜೀವ ನಿರಾಳ. ಆಮೇಲೆ ಕಣ್ಣು ಬಿಪಿ ಕಾಲಂ ಮೇಲೆ ಬೀಳುತ್ತದೆ. 158, 184, 218 ಅಂತ ಏರುತ್ತಾ ಹೋದ ಅಂಕಿ ನೋಡಿ ಮತ್ತೆ ಗಾಬರಿ. ಇದೇ ಜನ ಜಿಮ್‌ನಲ್ಲಿ ಲೆಗ್ ಪ್ರೆಸ್ ಮೇಲೆ ಮಲಗಿ ಉಸಿರು ಕಟ್ಟಿ ಭಾರ ತಳ್ಳುವಾಗ ಬಿಪಿಯ ಯೋಚನೆ ಮಾಡುವುದೇ ಇಲ್ಲ, ಏಕೆಂದರೆ ಅಲ್ಲಿ ಯಾರೂ ಅಳೆಯುವುದಿಲ್ಲ. ಬಿಪಿ ಹೆಚ್ಚು ಏರುವುದು ಮಾತ್ರ ಆ ಎರಡನೆಯ ಜಾಗದಲ್ಲಿ. ಎರಡೂ ಕಡೆ ಏನಾಗುತ್ತದೆ, ಯಾವ ಅಂಕಿಯನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಓಡುವಾಗ ಬಿಪಿ ಏರಲೇಬೇಕು

ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಜೋರಾಗಿ ನಡೆಯುವಾಗ, ಓಡುವಾಗ ಅದು ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ. ಅಷ್ಟು ರಕ್ತವನ್ನು ತಳ್ಳುವ ಒತ್ತಡವೇ ಮೇಲಿನ ಬಿಪಿ, ಅಂದರೆ ಸಿಸ್ಟಾಲಿಕ್. ಹಾಗಾಗಿ ಅದು ಏರುವುದು ಸಹಜ, ಏರದಿದ್ದರೇ ಚಿಂತೆ. ಅದೇ ಹೊತ್ತಿಗೆ ತೊಡೆ, ಮೀನಖಂಡದ ಸ್ನಾಯುಗಳೊಳಗಿನ ರಕ್ತನಾಳಗಳು ಹಿಗ್ಗಿ ದಾರಿ ಬಿಡುತ್ತವೆ. ಆದ್ದರಿಂದ ಕೆಳಗಿನ ಬಿಪಿ, ಅಂದರೆ ಡಯಾಸ್ಟಾಲಿಕ್, ಇದ್ದಲ್ಲೇ ಇರುತ್ತದೆ ಅಥವಾ ಸ್ವಲ್ಪ ಇಳಿಯುತ್ತದೆ. ಆರೋಗ್ಯವಂತರ ರಿಪೋರ್ಟಿನಲ್ಲಿ ಮೇಲಿನ ಅಂಕಿ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಕೆಳಗಿನದು 80, 82, 80 ಅಂತ ನೆಟ್ಟಗೆ ನಿಲ್ಲುತ್ತದೆ.

ಎಷ್ಟು ಏರಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕ ಇದೆ. ರಿಪೋರ್ಟಿನಲ್ಲಿ METs ಅಂತ ಒಂದು ಕಾಲಂ ಇರುತ್ತದೆ. ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕವನ್ನು 1 ಮೆಟ್ ಎಂದು ಹಿಡಿದು, ಈಗಿನ ಶ್ರಮ ಅದರ ಎಷ್ಟು ಪಟ್ಟು ಎಂದು ಹೇಳುವ ಅಂಕಿ ಅದು. ಶ್ರಮ ಒಂದೊಂದು ಮೆಟ್ ಹೆಚ್ಚಿದ ಹಾಗೆ ಮೇಲಿನ ಬಿಪಿ ಸುಮಾರು 10 ಅಂಕ ಏರುವುದು ಸಾಮಾನ್ಯ. 8 ಏರಿದರೂ ಸರಿ, 12 ಏರಿದರೂ ಸರಿ. ಈ ಲೆಕ್ಕ ಕೈಯಲ್ಲಿದ್ದರೆ ಕೊನೆಯ ಅಂಕಿಯೊಂದನ್ನೇ ನೋಡಿ ಹೆದರುವುದು ತಪ್ಪುತ್ತದೆ.

ಪರೀಕ್ಷೆಯ ದಿನ

ತಿಂಡಿ ತಿಂದು ಎರಡು ಮೂರು ಗಂಟೆ ಆಗಿರಲಿ. ಆ ಬೆಳಗ್ಗೆ ಕಾಫಿ, ಟೀ, ಸಿಗರೇಟು ಬೇಡ, ಇವು ಆರಂಭದ ಬಿಪಿಯನ್ನೇ ಮೇಲಕ್ಕೆ ಎಳೆಯುತ್ತವೆ. ಬಿಪಿ ಮಾತ್ರೆ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಪರೀಕ್ಷೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಅದರಲ್ಲೂ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಬೀಟಾ ಬ್ಲಾಕರ್ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನೀವೇ ಥಟ್ಟನೆ ಬಿಡಬಾರದು. ಬಿಟ್ಟರೆ ಬಿಪಿ, ನಾಡಿ ಎರಡೂ ಒಮ್ಮೆಲೇ ಜಿಗಿಯಬಹುದು.

ಯಂತ್ರ ಹತ್ತುವ ಮೊದಲೇ ಬಿಪಿ 200/110ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅಂದು ಪರೀಕ್ಷೆ ಮಾಡದೆ ಮುಂದೂಡುತ್ತಾರೆ. ಅದಕ್ಕೆ ಬೇಸರ ಬೇಡ, ಸಿಬ್ಬಂದಿಯನ್ನು ಒತ್ತಾಯಿಸಲೂ ಬೇಡ.

ಇನ್ನು ಅಳೆಯುವ ವಿಚಾರ. ಓಡುತ್ತಿರುವವರ ಬಿಪಿ ಹಿಡಿಯುವುದು ಸುಲಭದ ಕೆಲಸ ಅಲ್ಲ. ಬೆಲ್ಟಿನ ಗರಗರ ಸದ್ದು, ಕಾಲಿನ ಹೆಜ್ಜೆಯ ಸದ್ದು, ಕುಲುಕುವ ತೋಳು, ಇವುಗಳ ನಡುವೆ ಸ್ಟೆತಸ್ಕೋಪಿನಲ್ಲಿ ಸಣ್ಣ ಟಕ್ ಟಕ್ ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಬಳಸುವ ಸಾಮಾನ್ಯ ಡಿಜಿಟಲ್ ಯಂತ್ರ ಈ ಅಲುಗಾಟದಲ್ಲಿ ತಪ್ಪು ಅಂಕಿ ಕೊಡುತ್ತದೆ, ಇಲ್ಲವೇ ಎರರ್ ತೋರಿಸುತ್ತದೆ. ಅದಕ್ಕೇ ನುರಿತ ಟೆಕ್ನಿಶಿಯನ್ ರೋಗಿಯ ತೋಳನ್ನು ನೇರ ಚಾಚಿಸಿ, ತಾನೇ ಆಧಾರವಾಗಿ ಹಿಡಿದು, ಹೃದಯದ ಮಟ್ಟದಲ್ಲಿಟ್ಟು ಕೈಯಾರೆ ಅಳೆಯುತ್ತಾರೆ. ಆ ಹೊತ್ತಿನಲ್ಲಿ ನೀವು ಮಾಡಬೇಕಾದದ್ದು ಒಂದೇ: ಆ ಕೈಯನ್ನು ಪೂರ್ತಿ ಸಡಿಲ ಬಿಡುವುದು. ಮುಷ್ಟಿ ಬಿಗಿದರೆ, ಕಂಬಿಯನ್ನು ಗಟ್ಟಿಯಾಗಿ ಹಿಡಿದರೆ ಬಿಪಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಕಂಬಿಗೆ ಮೈಭಾರ ಹಾಕಿ ಜೋತುಬಿದ್ದರೆ ಇನ್ನೊಂದು ತೊಂದರೆ. ಕಾಲಿಗೆ ಬೀಳುವ ಶ್ರಮ ಕಡಿಮೆಯಾಗುತ್ತದೆ, ಯಂತ್ರಕ್ಕೆ ಅದು ಗೊತ್ತಾಗದೆ ಮೆಟ್ ಮಾತ್ರ ಹೆಚ್ಚು ತೋರಿಸುತ್ತದೆ. ಬೆರಳ ತುದಿ ತಾಗಿಸಿಕೊಂಡರೆ ಸಾಕು.

ಕೆಲವರ ರಿಪೋರ್ಟಿನಲ್ಲಿ ಕೆಳಗಿನ ಬಿಪಿ 40, 30 ಎಂದೆಲ್ಲ ಇರುತ್ತದೆ. ಜೋರು ವ್ಯಾಯಾಮದಲ್ಲಿ ಸ್ಟೆತಸ್ಕೋಪಿನ ಸದ್ದು ಸೊನ್ನೆಯವರೆಗೂ ಕೇಳುತ್ತಲೇ ಇರುವುದುಂಟು, ಆದ್ದರಿಂದ ಆ ಅಂಕಿ. ಸದ್ದು ಮಂದವಾದ ಘಟ್ಟವನ್ನು ಗುರುತು ಹಾಕುವುದು ಸರಿಯಾದ ಕ್ರಮ. ಹೀಗೆ ಇಳಿದ ಕೆಳಗಿನ ಅಂಕಿಗೆ ಹೆದರಬೇಕಿಲ್ಲ.

ಒಂದು ರಿಪೋರ್ಟನ್ನು ಓದೋಣ

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ 47 ವರ್ಷದ ಒಬ್ಬರು ಎಂದುಕೊಳ್ಳಿ. ಬಿಪಿ ಮಾತ್ರೆ ಇಲ್ಲ. ಹೆಲ್ತ್ ಚೆಕಪ್ಪಿನಲ್ಲಿ ಟಿಎಂಟಿ ಮಾಡಿಸಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವುದು ಬ್ರೂಸ್ ಪ್ರೋಟೋಕಾಲ್. ಪ್ರತಿ 3 ನಿಮಿಷಕ್ಕೊಮ್ಮೆ ವೇಗವೂ ಏರು ಕೂಡ ಹೆಚ್ಚುತ್ತದೆ. ಮೊದಲ ಹಂತ ಗಂಟೆಗೆ 2.7 ಕಿಲೋಮೀಟರ್, 10 ಶೇಕಡಾ ಏರು. ಎರಡನೆಯದು 4 ಕಿಲೋಮೀಟರ್, 12 ಶೇಕಡಾ. ಮೂರನೆಯದು 5.5 ಕಿಲೋಮೀಟರ್, 14 ಶೇಕಡಾ. ಅವರು ಮೂರು ಹಂತ ಮುಗಿಸಿ 9 ನಿಮಿಷಕ್ಕೆ ಸುಸ್ತಾಗಿ ನಿಂತರು. ಒಟ್ಟು ಸುಮಾರು 10 ಮೆಟ್.

ಬಿಪಿ ಹೀಗಿತ್ತು: ಆರಂಭದಲ್ಲಿ 132/84. ಮೊದಲ ಹಂತದ ಕೊನೆಗೆ 158/84, ಎರಡನೆಯದರ ಕೊನೆಗೆ 184/86, ಮೂರನೆಯದರ ಕೊನೆಗೆ 218/88. ನಿಂತ ಮೇಲೆ 1ನೇ ನಿಮಿಷಕ್ಕೆ 200, 3ನೇ ನಿಮಿಷಕ್ಕೆ 172, 6ನೇ ನಿಮಿಷಕ್ಕೆ 138. ಇಸಿಜಿಯಲ್ಲಿ ತೊಂದರೆ ಇಲ್ಲ. ಕೆಳಗೆ ‘ಹೈಪರ್‌ಟೆನ್ಸಿವ್ ರೆಸ್ಪಾನ್ಸ್’ ಎಂದು ಬರೆದಿದ್ದಾರೆ.

ಮೊದಲು ಕೊನೆಯ ಅಂಕಿ. ಗಂಡಸರಲ್ಲಿ 210, ಹೆಂಗಸರಲ್ಲಿ 190 ದಾಟಿದರೆ ‘ಅತಿಯಾದ ಏರಿಕೆ’ ಎಂದು ಕರೆಯುವ ರೂಢಿ ಇದೆ. 218 ಆ ಗೆರೆ ದಾಟಿದೆ, ಹಾಗಾಗಿ ಆ ಸಾಲು ಬಂದಿದೆ. ಆದರೆ ಇದು ಪರೀಕ್ಷೆ ನಿಲ್ಲಿಸಬೇಕಾದ ಅಪಾಯದ ಗೆರೆ ಅಲ್ಲ, ಮುಂದೆ ಗಮನ ಇಡಿ ಎಂದು ಹೇಳುವ ಗೆರೆ. ನಂತರ ಏರಿಕೆಯ ವೇಗ. 132ರಿಂದ 218ಕ್ಕೆ, ಅಂದರೆ 86 ಅಂಕ ಏರಲು ಶ್ರಮ 1 ಮೆಟ್‌ನಿಂದ 10 ಮೆಟ್‌ಗೆ, ಅಂದರೆ 9 ಮೆಟ್ ಹೆಚ್ಚಿದೆ. ಮೆಟ್‌ಗೆ ಒಂಬತ್ತೂವರೆ ಅಂಕ ಆಯಿತು. ಇದು ಸರಿಯಾಗಿಯೇ ಇದೆ. ಅವರು ಹೆಚ್ಚು ಹೊತ್ತು ಓಡಿದ್ದಾರೆ, ಅದಕ್ಕೆ ತಕ್ಕಂತೆ ಬಿಪಿ ಏರಿದೆ.

ಇದರ ಪಕ್ಕದಲ್ಲಿ 52 ವರ್ಷದ ಒಬ್ಬ ಮಹಿಳೆಯ ರಿಪೋರ್ಟ್ ಇಡಿ. ಆರಂಭದಲ್ಲಿ 138, ಮೊದಲ ಹಂತದ ಕೊನೆಗೇ 204. ಆ ಹಂತದ ಶ್ರಮ ಹೆಚ್ಚೆಂದರೆ ನಾಲ್ಕೂವರೆ, ಐದು ಮೆಟ್. ಮೂರೂವರೆ ನಾಲ್ಕು ಮೆಟ್ ಹೆಚ್ಚುವಷ್ಟರಲ್ಲಿ 66 ಅಂಕ ಏರಿದೆ, ಮೆಟ್‌ಗೆ 16ಕ್ಕಿಂತ ಹೆಚ್ಚು. ಕೊನೆಯ ಅಂಕಿ ಅಂಗಡಿಯವರದ್ದಕ್ಕಿಂತ ಕಡಿಮೆ ಇದ್ದರೂ ನನ್ನ ಲೆಕ್ಕದಲ್ಲಿ ಮೊದಲು ವೈದ್ಯರ ಬಳಿ ಹೋಗಬೇಕಾದವರು ಇವರೇ. ಬಟ್ಟೆ ಒಗೆಯುವುದು, ಮೆಟ್ಟಿಲು ಹತ್ತುವುದು, ಬಸ್ ಹಿಡಿಯಲು ಬಿರುಸಾಗಿ ನಡೆಯುವುದು ಎಲ್ಲವೂ ಇದೇ ಮಟ್ಟದ ಶ್ರಮ. ಅಂದರೆ ದಿನದಲ್ಲಿ ಎಷ್ಟೋ ಸಲ ಅವರ ಬಿಪಿ ಈ ಎತ್ತರಕ್ಕೆ ಹೋಗಿ ಬರುತ್ತಿದೆ.

ಮೂರನೆಯದಾಗಿ ಇಳಿಯುವ ರೀತಿ. ನಿಂತ 3 ನಿಮಿಷಕ್ಕೆ ಮೇಲಿನ ಬಿಪಿ ಗರಿಷ್ಠದ 90 ಶೇಕಡಾಕ್ಕಿಂತ ಕೆಳಗೆ ಬಂದಿರಬೇಕು. 218ರ 90 ಶೇಕಡಾ ಎಂದರೆ 196. ಇವರದ್ದು 172ಕ್ಕೆ ಬಂದಿದೆ, ಚೆನ್ನಾಗಿ ಇಳಿದಿದೆ. 6 ನಿಮಿಷದ ಹೊತ್ತಿಗೆ ಆರಂಭದ ಅಂಕಿಯ ಹತ್ತಿರ ಬಂದಿರುವುದೂ ಒಳ್ಳೆಯ ಲಕ್ಷಣ. ಇಳಿಯದೆ ಅಲ್ಲೇ ನಿಂತರೆ, ಅಥವಾ 1ನೇ ನಿಮಿಷಕ್ಕಿಂತ 3ನೇ ನಿಮಿಷದಲ್ಲಿ ಹೆಚ್ಚಿದ್ದರೆ, ಅದನ್ನು ಹೃದ್ರೋಗ ತಜ್ಞರಿಗೆ ಬೆರಳಿಟ್ಟು ತೋರಿಸಿ.

ಹಾಗಾದರೆ ಅಂಗಡಿಯವರು ಏನೂ ಮಾಡಬೇಕಿಲ್ಲವೇ? ಮಾಡಬೇಕು. ಆರಂಭದ 132/84 ಅಷ್ಟೇನೂ ಕಡಿಮೆ ಅಲ್ಲ, ಮೊದಲ ಹಂತದಲ್ಲೇ 150 ದಾಟಿದೆ. ವ್ಯಾಯಾಮದಲ್ಲಿ ಹೀಗೆ ಏರುವವರಲ್ಲಿ ಮುಂದೆ ಬಿಪಿ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಕೆಲವರಲ್ಲಿ ಅದು ಆಗಲೇ ಇದ್ದು, ಕ್ಲಿನಿಕ್ಕಿನ ಅಳತೆಯಲ್ಲಿ ಸಿಕ್ಕಿರುವುದಿಲ್ಲ. ಅದಕ್ಕೆ ದಾರಿ ಮನೆಯ ಅಳತೆ. ತೋಳಿಗೆ ಕಟ್ಟುವ ಯಂತ್ರ ತೆಗೆದುಕೊಳ್ಳಿ. 5 ನಿಮಿಷ ಬೆನ್ನಿಗೆ ಆಧಾರ ಕೊಟ್ಟು, ಪಾದ ನೆಲಕ್ಕೆ ಊರಿ ಸುಮ್ಮನೆ ಕೂತು, ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಿರಿ. ಬೆಳಗ್ಗೆ, ಸಂಜೆ, 7 ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬಿಪಿಯೇ. ಇವರಿಗೆ 138/88 ಬಂತು ಎಂದುಕೊಳ್ಳೋಣ. ಟಿಎಂಟಿ ನೆಗೆಟಿವ್ ಎಂದು ಫೈಲು ಮುಚ್ಚಿಟ್ಟಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಪರೀಕ್ಷೆ ಯಾವಾಗ ನಿಲ್ಲಿಸುತ್ತಾರೆ

ಮೇಲಿನ ಬಿಪಿ 250 ಅಥವಾ ಕೆಳಗಿನದು 115 ದಾಟಿದರೆ ಪರೀಕ್ಷೆ ನಿಲ್ಲಿಸುವ ವಿಚಾರ ಮಾಡಬೇಕು ಎಂದು ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲೂ ಹೆಚ್ಚಿನವರು ಅದನ್ನೇ ಪಾಲಿಸುತ್ತಾರೆ, ಕೆಲವು ವೈದ್ಯರು ಅದಕ್ಕಿಂತ ಕೆಳಗೇ ನಿಲ್ಲಿಸುತ್ತಾರೆ. ನಿಮ್ಮಷ್ಟಕ್ಕೆ ನೀವು ಜಿಮ್‌ನಲ್ಲೋ ಮನೆಯಲ್ಲೋ ಟ್ರೆಡ್‌ಮಿಲ್, ಸೈಕಲ್ ಬಳಸುವಾಗ ಅಷ್ಟು ಎತ್ತರಕ್ಕೆ ಹೋಗಬಾರದು. ಬಿಪಿ ಇರುವವರು ವ್ಯಾಯಾಮದ ನಡುವೆ 220/105ರ ಒಳಗೆ ಇರುವುದು ಕ್ಷೇಮ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ವೈದ್ಯರು, ಇಸಿಜಿ, ತುರ್ತು ಔಷಧ ಇರುವುದರಿಂದ ಅಲ್ಲಿನ ಮಿತಿ ಹೆಚ್ಚು.

ಏರುವುದಕ್ಕಿಂತ ನಾನು ಹೆಚ್ಚು ಗಂಭೀರವಾಗಿ ನೋಡುವುದು ಇಳಿಯುವುದನ್ನು. ವೇಗ ಹೆಚ್ಚಿದೆ, ಏರು ಹೆಚ್ಚಿದೆ, ಆದರೆ 160 ಇದ್ದ ಮೇಲಿನ ಬಿಪಿ 145ಕ್ಕೆ ಬಂದಿದೆ ಎಂದರೆ ಹೃದಯಕ್ಕೆ ಬೇಡಿಕೆಯಷ್ಟು ರಕ್ತ ತಳ್ಳಲು ಆಗುತ್ತಿಲ್ಲ ಎಂದು ಅರ್ಥ. ಹೃದಯದ ಮುಖ್ಯ ರಕ್ತನಾಳಗಳು ಕಟ್ಟಿಕೊಂಡಿರಬಹುದು, ಮಹಾಪಧಮನಿಯ ಕವಾಟ ಕಿರಿದಾಗಿರಬಹುದು, ಹೃದಯದ ಸ್ನಾಯು ಸೊರಗಿರಬಹುದು ಅಥವಾ ಅತಿಯಾಗಿ ದಪ್ಪವಾಗಿರಬಹುದು. 10 ಅಂಕಕ್ಕಿಂತ ಹೆಚ್ಚು ಇಳಿದು, ಜೊತೆಗೆ ಎದೆನೋವೋ ಇಸಿಜಿಯಲ್ಲಿ ಬದಲಾವಣೆಯೋ ಇದ್ದರೆ ಪರೀಕ್ಷೆಯನ್ನು ಆ ಕ್ಷಣವೇ ನಿಲ್ಲಿಸಲೇಬೇಕು. ಒಂದು ಎಚ್ಚರ: ಇದನ್ನು ತೀರ್ಮಾನಿಸುವ ಮೊದಲು ಮತ್ತೊಮ್ಮೆ ಅಳೆಯಬೇಕು. ಓಟದ ನಡುವೆ ಒಂದು ಅಳತೆ ತಪ್ಪುವುದು ಮಾಮೂಲು. ತಲೆ ಹಗುರವಾದಂತೆ, ಕಣ್ಣಿಗೆ ಕತ್ತಲೆ ಬಂದಂತೆ ಆದರೆ ‘ಇನ್ನೊಂದು ನಿಮಿಷ ಓಡಿ ಮುಗಿಸುತ್ತೇನೆ’ ಎನ್ನದೆ ತಕ್ಷಣ ಹೇಳಿ.

ಭಾರ ಎತ್ತುವಾಗ ಲೆಕ್ಕವೇ ಬೇರೆ

1985ರಲ್ಲಿ ಕೆನಡಾದ ಮ್ಯಾಕ್‌ಡೂಗಲ್ ಮತ್ತು ಅವರ ಸಂಗಡಿಗರು ಐವರು ಬಾಡಿಬಿಲ್ಡರ್‌ಗಳ ತೋಳಿನ ರಕ್ತನಾಳದೊಳಗೇ ಸಣ್ಣ ಕೊಳವೆ ಇಟ್ಟು, ಅವರು ಭಾರ ಎತ್ತುವಾಗ ಬಿಪಿ ಅಳೆದರು. ಎರಡೂ ಕಾಲಿನ ಲೆಗ್ ಪ್ರೆಸ್‌ನಲ್ಲಿ ಸರಾಸರಿ ಗರಿಷ್ಠ 320/250. ಒಬ್ಬರಲ್ಲಿ 480/350. ಟ್ರೆಡ್‌ಮಿಲ್‌ನಲ್ಲಿ ಕದಲದೆ ನಿಂತಿದ್ದ ಕೆಳಗಿನ ಬಿಪಿ ಇಲ್ಲಿ ಮೇಲಿನದರ ಜೊತೆಗೇ ಏರಿರುವುದನ್ನು ಗಮನಿಸಿ.

ಕಾರಣ ಎರಡು ಮೂರು ಸೇರಿವೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಹಿಂಡುತ್ತದೆ, ರಕ್ತ ಹೋಗುವ ದಾರಿ ಕಟ್ಟುತ್ತದೆ. ಉಸಿರು ಕಟ್ಟಿ ಮುಕ್ಕಿದಾಗ ಎದೆ, ಹೊಟ್ಟೆಯೊಳಗಿನ ಒತ್ತಡ ನೇರವಾಗಿ ರಕ್ತದ ಒತ್ತಡಕ್ಕೆ ಸೇರುತ್ತದೆ. ದಣಿದ ಸ್ನಾಯುವಿನಿಂದ ಮಿದುಳಿಗೆ ಹೋಗುವ ಸಂಕೇತ ಬಿಪಿಯನ್ನು ಇನ್ನಷ್ಟು ಏರಿಸುತ್ತದೆ. ಹಾಗಾಗಿ ಭಾರ ಒಂದೇ ಇದ್ದರೂ ಮೊದಲ ರೆಪ್‌ಗಿಂತ, ಅಂದರೆ ಮೊದಲ ಸಲ ಎತ್ತುವುದಕ್ಕಿಂತ, ಕೊನೆಯ ರೆಪ್‌ನಲ್ಲಿ ಬಿಪಿ ತೀರಾ ಹೆಚ್ಚು. ಕೈ ನಡುಗುತ್ತಾ, ಮುಖ ಕೆಂಪಾಗಿ ‘ಇನ್ನೊಂದು, ಇನ್ನೊಂದು’ ಎಂದು ಎತ್ತುವ ಆ ಕೊನೆಯ ಎರಡೇ ಬಿಪಿ ಇರುವವರಿಗೆ ಕೆಟ್ಟವು.

ಸೆಟ್ ಮುಗಿದು ಭಾರ ಕೆಳಗಿಟ್ಟ ಹತ್ತು ಸೆಕೆಂಡಿನಲ್ಲೇ ಬಿಪಿ ಕುಸಿದು, ಆರಂಭದ ಮಟ್ಟಕ್ಕಿಂತ ಕೆಳಗೂ ಹೋಗುತ್ತದೆ. ಎದ್ದ ಕೂಡಲೇ ತಲೆ ಸುತ್ತುವುದು ಇದರಿಂದಲೇ. ಇದರ ಇನ್ನೊಂದು ಪರಿಣಾಮ ಬಹಳ ಜನರಿಗೆ ಗೊತ್ತಿಲ್ಲ. ಸೆಟ್ ಮುಗಿಸಿ, ಯಂತ್ರ ಕಟ್ಟಿಕೊಂಡು, ಗುಂಡಿ ಒತ್ತಿ ‘ನೋಡಿ, 136 ಅಷ್ಟೇ’ ಎನ್ನುವವರು ನೋಡುತ್ತಿರುವುದು ಗರಿಷ್ಠವನ್ನಲ್ಲ, ಕುಸಿದ ಮೇಲಿನ ಅಂಕಿಯನ್ನು. ಎತ್ತುವಾಗಿನ ಬಿಪಿಯನ್ನು ಮನೆಯ ಯಂತ್ರದಲ್ಲಿ ಹಿಡಿಯಲು ಸಾಧ್ಯವಿಲ್ಲ. ಆದ್ದರಿಂದ ಭಾರ ಎತ್ತುವ ವಿಷಯದಲ್ಲಿ ನಾವು ಇಟ್ಟುಕೊಳ್ಳಬೇಕಾದ ಅಂಕಿ, ಎತ್ತುವುದಕ್ಕೆ ಮೊದಲಿನದು.

ಜಿಮ್‌ಗೆ ಹೊರಡುವ ಮೊದಲು ಕೂತು ಅಳೆದಾಗ 160/100ರ ಒಳಗಿದ್ದರೆ ಹಗುರದಿಂದ ಮಧ್ಯಮ ಭಾರದ ವ್ಯಾಯಾಮ ಮಾಡಬಹುದು. ಅದನ್ನು ದಾಟಿದ್ದರೆ ಅಂದು ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯಿರಿ. ಹೀಗೇ ಮತ್ತೆ ಮತ್ತೆ ಬಂದರೆ ವೈದ್ಯರು ನೋಡುವ ತನಕ ಭಾರ ಮುಟ್ಟಬೇಡಿ. 180/110 ದಾಟಿದ್ದರೆ ಭಾರ ಎತ್ತುವ ಮಾತೇ ಇಲ್ಲ. ಮಹಾಪಧಮನಿ ಉಬ್ಬಿರುವವರು, ಮಾರ್ಫನ್ ಸಿಂಡ್ರೋಮ್ ಇರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಮುಂದುವರಿದ ಹಂತದಲ್ಲಿ ಹಾಳಾಗಿರುವವರು ಆರಂಭದ ಬಿಪಿ ಎಷ್ಟೇ ಇದ್ದರೂ ತಜ್ಞರನ್ನು ಕೇಳದೆ ಭಾರ ಎತ್ತಬಾರದು.

ಎತ್ತುವ ಕ್ರಮ

ಅಂಗಡಿಯವರಿಗೇ ಮರಳೋಣ. ವೈದ್ಯರು ನೋಡಿ, ಭಾರದ ವ್ಯಾಯಾಮ ಮಾಡಬಹುದು ಎಂದಿದ್ದಾರೆ. ಒಮ್ಮೆ ಮಾತ್ರ ಎತ್ತಲಾಗುವ ಗರಿಷ್ಠ ಭಾರ ಎಷ್ಟು ಎಂದು ಪರೀಕ್ಷಿಸಿ ನೋಡುವ ಹುಚ್ಚು ಬೇಡ, ಬಿಪಿ ಅತಿ ಹೆಚ್ಚು ಏರುವುದೇ ಆ ಪರೀಕ್ಷೆಯಲ್ಲಿ. ಹಗುರದಿಂದ ಶುರುಮಾಡಿ, ಉಸಿರು ಕಟ್ಟದೆ 15 ಸಲ ತಳ್ಳಬಲ್ಲ ಭಾರ ಹುಡುಕಬೇಕು. ಲೆಗ್ ಪ್ರೆಸ್‌ನಲ್ಲಿ ಅವರಿಗೆ 60 ಕಿಲೋ ಬಂತು. ಇದರಿಂದ ಅವರ ಗರಿಷ್ಠ ಸುಮಾರು 90 ಎಂದು ಅಂದಾಜು ಮಾಡಬಹುದು. ಮೊದಲ ಕೆಲವು ವಾರ ಅದರ ಅರ್ಧ, 45 ಕಿಲೋ ಸಾಕು. ಆಮೇಲೆ 55, 60ರವರೆಗೆ ಹೋಗಬಹುದು. 60ಕ್ಕೆ ಬಂದಾಗಲೂ 10 ಅಥವಾ 12ಕ್ಕೆ ನಿಲ್ಲಿಸಬೇಕು, ಇನ್ನೂ ಎರಡು ಮೂರು ಎತ್ತುವ ಶಕ್ತಿ ಉಳಿದಿರಬೇಕು.

ಉಸಿರಿನ ವಿಷಯಕ್ಕೆ ‘ತಳ್ಳುವಾಗ ಬಿಡಿ, ಇಳಿಸುವಾಗ ಎಳೆದುಕೊಳ್ಳಿ’ ಎಂದು ಟ್ರೈನರ್ ಹೇಳುತ್ತಾರೆ, ಎರಡು ರೆಪ್ ಆದ ಮೇಲೆ ಎಲ್ಲರೂ ಮರೆಯುತ್ತಾರೆ. ಅದಕ್ಕೆ ನಾನು ಹೇಳುವ ಉಪಾಯ, ತಳ್ಳುವಾಗ ಎಣಿಕೆಯನ್ನು ಬಾಯಿಬಿಟ್ಟು ಹೇಳುವುದು. ‘ಏಳು’ ಎನ್ನುತ್ತಾ ತಳ್ಳಿದರೆ ಉಸಿರು ಕಟ್ಟಲು ಆಗುವುದೇ ಇಲ್ಲ. ಎಣಿಕೆ ಗಂಟಲಲ್ಲೇ ಸಿಕ್ಕಿಕೊಂಡ ರೆಪ್ಪೇ ಆ ಸೆಟ್ಟಿನ ಕೊನೆಯ ರೆಪ್. ಗರಿಷ್ಠದ ಹತ್ತಿರದ ಭಾರಕ್ಕೆ ಉಸಿರು ತಾನಾಗಿಯೇ ಕಟ್ಟುತ್ತದೆ, ಯಾರೂ ತಪ್ಪಿಸಲಾರರು. ಭಾರ ಕಡಿಮೆ ಇಡಿ ಎನ್ನುವುದು ಇದಕ್ಕೇ.

ಹಿಡಿಕೆಯನ್ನು ಬೇಕಾದಷ್ಟೇ ಹಿಡಿಯಿರಿ. ಭಾರವನ್ನು ಮಧ್ಯದಲ್ಲಿ ತಡೆದು ನಿಲ್ಲಿಸಬೇಡಿ. ಸೆಟ್‌ಗಳ ನಡುವೆ ಒಂದೂವರೆಯಿಂದ ಎರಡು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯ ಸೆಟ್ ದಣಿದ ಸ್ನಾಯುವಿನಿಂದಲೇ ಶುರುವಾಗುತ್ತದೆ. ಲೆಗ್ ಪ್ರೆಸ್‌ನಿಂದ ಒಮ್ಮೆಲೇ ಏಳದೆ ಅರ್ಧ ನಿಮಿಷ ಕೂತು, ಕಾಲು ಆಡಿಸಿ ಏಳಿ. ಒಂದೇ ಕಾಲಿನಲ್ಲಿ ತಳ್ಳುವುದೂ ಒಳ್ಳೆಯ ದಾರಿ, ಏಕಕಾಲಕ್ಕೆ ಕಡಿಮೆ ಸ್ನಾಯು ಬಿಗಿಯುವುದರಿಂದ ಏರಿಕೆಯೂ ಕಡಿಮೆ. 12 ಸಲ ಸಲೀಸಾಗಿ ಬರುತ್ತಿದ್ದರೆ ಎರಡೂವರೆಯೋ ಐದೋ ಕಿಲೋ ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ.

ವ್ಯಾಯಾಮ ಮುಗಿದ ಮೇಲೆ ಕೆಲವು ಗಂಟೆ ಬಿಪಿ ಎಂದಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಇದು ಒಳ್ಳೆಯದೇ. ಆದರೆ ಪ್ರಾಸ್ಟೇಟ್‌ಗೋ ಬಿಪಿಗೋ ಪ್ರಜೋಸಿನ್ ತರಹದ ಆಲ್ಫಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅತಿಯಾಗಬಹುದು. ಥಟ್ಟನೆ ನಿಲ್ಲದೆ ಐದು ಹತ್ತು ನಿಮಿಷ ನಿಧಾನಕ್ಕೆ ನಡೆದು, ನೀರು ಕುಡಿದು, ಆಮೇಲೆ ಬಿಸಿನೀರಿನ ಸ್ನಾನಕ್ಕೆ ಹೋಗಲಿ. ಮನೆಯ ಅಳತೆಯನ್ನೂ ಈ ಹೊತ್ತಿನಲ್ಲಿ ತೆಗೆಯಬೇಡಿ, ಸರಾಸರಿ ನಿಜಕ್ಕಿಂತ ಕಡಿಮೆ ಬರುತ್ತದೆ. ಬೆಳಗಿನ ಅಳತೆ ವ್ಯಾಯಾಮಕ್ಕೆ ಮೊದಲೇ ಆಗಿರಲಿ.

ಎತ್ತುವಾಗ ತಲೆ ಸಿಡಿದಂತೆ ಒಮ್ಮೆಲೇ ನೋವು ಬಂದರೆ, ಎದೆ ಹಿಂಡಿದಂತಾದರೆ, ಎದೆಯಿಂದ ಬೆನ್ನಿಗೆ ಸೀಳಿದಂಥ ನೋವಾದರೆ, ದೃಷ್ಟಿ ಮಂಜಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಬಿಪಿ ಯಂತ್ರ ಹುಡುಕುತ್ತಾ ಕೂರಬೇಡಿ. ಭಾರ ಇಳಿಸಿ, ಕೂತು, ಕರ್ನಾಟಕದಲ್ಲಿದ್ದರೆ 108ಕ್ಕೆ ಫೋನ್ ಮಾಡಿಸಿ. ನೋವು ತಾನಾಗಿ ಕಡಿಮೆಯಾದರೂ ಅಂದೇ ಆಸ್ಪತ್ರೆಗೆ ಹೋಗಿ, ಭಾರ ಎತ್ತುವಾಗ ಶುರುವಾಯಿತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.